ಹಳೆಯ ಲ್ಯಾಪ್‌ಟಾಪ್, ಉಳಿದ ವಾರಂಟಿ

ತಂಗಿಯ ಮಗಳ ಕಾಲೇಜಿಗೆಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುತ್ತಿದ್ದೆ. ಒಂದು ಜಾಹೀರಾತಿನಲ್ಲಿ 'ಬಿಲ್ ಇದೆ, 7 ತಿಂಗಳು ವಾರಂಟಿ ಇದೆ' ಎಂದಿತ್ತು. 2025ರ ಆಗಸ್ಟ್ 10ರಂದು ನೋಡಲು ಹೋದೆವು. ಬಿಲ್ಲಿನಲ್ಲಿದ್ದ ತಾರೀಖು ಮಾರ್ಚ್ 14. ಒಂದು ವರ್ಷದ ವಾರಂಟಿ ಮುಂದಿನ ಮಾರ್ಚ್ 13ರವರೆಗೆ ಇರಬೇಕು, ಏಳು ತಿಂಗಳ ಲೆಕ್ಕ ಸರಿಯೇ. ಆದರೆ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದರೆ ಫೆಬ್ರವರಿ 1ಕ್ಕೇ ಮುಗಿಯುತ್ತದೆ ಎಂದು ಬಂತು. ನಲವತ್ತು ದಿನ ಖೋತಾ.

'ಸಾರ್, ಇದು ನಂಗೂ ಗೊತ್ತಿರ್ಲಿಲ್ಲ' ಎಂದ ಮಾರುವ ಹುಡುಗ. ಅವನು ಸುಳ್ಳು ಹೇಳಿರಲಿಲ್ಲ. ಲ್ಯಾಪ್‌ಟಾಪ್ ಅಂಗಡಿಯಲ್ಲಿ ಎಂದು ಮಾರಾಟವಾಯಿತು ಎಂಬುದು ಎಷ್ಟೋ ಸಲ ಕಂಪನಿಗೆ ತಿಳಿಯುವುದೇ ಇಲ್ಲ. ತಾನು ಸರಕು ಕಳಿಸಿದ ದಿನವನ್ನೇ ಅದು ವಾರಂಟಿಯ ಮೊದಲ ದಿನವೆಂದು ದಾಖಲಿಸಿಕೊಂಡಿರುತ್ತದೆ. ಸರಕು ಅಂಗಡಿಯಲ್ಲಿ ಕೂತಷ್ಟು ದಿನವೂ ಗ್ರಾಹಕನ ಲೆಕ್ಕದಿಂದ ಕಳೆದುಹೋಗುತ್ತದೆ. ಬಿಲ್ ಕಳಿಸಿ ಕೇಳಿದರೆ ಅನೇಕ ಕಂಪನಿಗಳು ತಾರೀಖು ತಿದ್ದಿಕೊಡುತ್ತವೆ. ಈ ಕೆಲಸವನ್ನು ಮಾರುವವನೇ, ಮಾರುವ ಮೊದಲೇ ಮಾಡಿಸಬೇಕು. ಬಿಲ್ ಅವನ ಹೆಸರಿನಲ್ಲಿದೆ. ನಾಳೆ ನಾನು ಹೋಗಿ ಕೇಳಿದರೆ 'ನೀವು ಯಾರು' ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.

ಬಿಲ್ಲಿಗೆ ಬೆಲೆ ಬರುವುದು ಅದರಲ್ಲಿ ಆ ಯಂತ್ರದ ಸೀರಿಯಲ್ ನಂಬರ್ ಇದ್ದಾಗ. ಬರೀ ಮಾಡೆಲ್ ಹೆಸರಿರುವ ಬಿಲ್ಲು ಅದೇ ಮಾಡೆಲ್ಲಿನ ಯಾವ ಲ್ಯಾಪ್‌ಟಾಪಿಗಾದರೂ ಹೊಂದುತ್ತದೆ. ಹಾಗಾಗಿ ನಾನು ನಂಬರನ್ನು ನಾಲ್ಕು ಕಡೆ ತಾಳೆ ನೋಡುತ್ತೇನೆ: ಬಿಲ್ಲು, ಡಬ್ಬಿ, ಲ್ಯಾಪ್‌ಟಾಪಿನ ತಳದ ಸ್ಟಿಕ್ಕರ್, ಕೊನೆಗೆ ಯಂತ್ರದ ಒಳಗೆ. ಸ್ಟಿಕ್ಕರನ್ನು ಕಿತ್ತು ಬೇರೆಯದಕ್ಕೆ ಅಂಟಿಸಬಹುದು, ತಳದ ಕವಚವನ್ನೇ ಬದಲಿಸಬಹುದು. ಒಳಗಿನದನ್ನು ಬದಲಿಸುವುದು ಅಷ್ಟು ಸುಲಭವಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪವರ್‌ಶೆಲ್ ತೆರೆದು ಹೀಗೆ ಟೈಪ್ ಮಾಡಿದರೆ ಒಳಗಿನ ನಂಬರ್ ಕಾಣುತ್ತದೆ:

```
(Get-CimInstance Win32_BIOS).SerialNumber
```

ಇಲ್ಲಿ ನಂಬರಿನ ಬದಲು ಖಾಲಿ ಸಾಲೋ `Default string` ಎಂಬ ಪದಗಳೋ ಬಂದರೆ ಮದರ್‌ಬೋರ್ಡ್ ಬದಲಾಗಿರುವ ಸಂಶಯ ಪಡಬೇಕು. ಕಂಪನಿಯ ಸರ್ವಿಸ್ ಸೆಂಟರ್‌ನವರು ಬೋರ್ಡ್ ಬದಲಿಸಿದರೆ ಸಾಮಾನ್ಯವಾಗಿ ಹಳೆಯ ನಂಬರನ್ನೇ ಹೊಸದರಲ್ಲಿ ತುಂಬುತ್ತಾರೆ, ಜಾಬ್ ಶೀಟನ್ನೂ ಕೊಡುತ್ತಾರೆ. ಹೊರಗಿನ ರಿಪೇರಿಯಲ್ಲಿ ಇದು ತಪ್ಪಿಹೋಗುತ್ತದೆ. ಆಮೇಲೆ ವಾರಂಟಿ ಕೇಳಲು ಹೋದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಮೊಬೈಲಿನಲ್ಲಾದರೆ `*#06#` ಒತ್ತಿದಾಗ ಬರುವ 15 ಅಂಕಿಗಳ ಐಎಂಇಐ ಬಿಲ್ಲಿನದಕ್ಕೆ ತಾಳೆಯಾಗಬೇಕು.

ಇಷ್ಟೆಲ್ಲ ಮುಖ್ಯ ಎಂದುಕೊಂಡು ಬಿಲ್ಲನ್ನೂ ನಂಬರನ್ನೂ ಇದ್ದ ಹಾಗೇ ಫೋಟೋ ತೆಗೆದು ಜಾಹೀರಾತಿಗೆ ಹಾಕಬೇಡಿ. ನಿಮ್ಮ ಪೂರ್ತಿ ನಂಬರ್ ಸಿಕ್ಕ ವಂಚಕ ಅದನ್ನೇ ತೋರಿಸಿ, ಇಲ್ಲದ ಲ್ಯಾಪ್‌ಟಾಪಿಗೆ ಅಡ್ವಾನ್ಸ್ ವಸೂಲಿ ಮಾಡಬಹುದು. ವೆಬ್‌ಸೈಟಿನಲ್ಲಿ ನೋಡಿದವರಿಗೆ ವಾರಂಟಿ ನಿಜವೆಂದೇ ಕಾಣುತ್ತದೆ. ಕೊನೆಯ ನಾಲ್ಕು ಅಕ್ಷರ, ನಿಮ್ಮ ಫೋನ್ ನಂಬರ್, ಮನೆ ವಿಳಾಸ ಮುಚ್ಚಿ. ಅಂಗಡಿ, ತಾರೀಖು, ಮಾಡೆಲ್ ಕಾಣಲಿ. ಪೂರ್ತಿ ನಂಬರನ್ನು ಎದುರು ಕೂತಾಗ ತೋರಿಸಿದರೆ ಸಾಕು.

ಇನ್ನು ವಾರಂಟಿ ಕೈ ಬದಲಾಗುವ ಪ್ರಶ್ನೆ. ಕಂಪನಿಯ ಮೂಲ ವಾರಂಟಿ ಸಾಮಾನ್ಯವಾಗಿ ಯಂತ್ರದ ಜೊತೆಗೇ ಬರುತ್ತದೆ. ಆದರೆ ಮೊದಲ ಗ್ರಾಹಕನಿಗಷ್ಟೇ ಎಂದು ಷರತ್ತು ಹಾಕುವವರೂ ಇದ್ದಾರೆ, ವಾರಂಟಿ ಪುಸ್ತಿಕೆಯ ಆ ಸಾಲನ್ನು ಓದಲೇಬೇಕು. ಡೆಲ್‌ನಂಥ ಕಂಪನಿಗಳಲ್ಲಿ ಮಾಲೀಕತ್ವ ವರ್ಗಾವಣೆಗೆ ಆನ್‌ಲೈನ್ ಅರ್ಜಿಯೇ ಇದೆ. ಹೆಚ್ಚುವರಿ ದುಡ್ಡು ಕೊಟ್ಟು ಕೊಂಡ ಎಕ್ಸ್‌ಟೆಂಡೆಡ್ ವಾರಂಟಿಯ ಕಥೆಯೇ ಬೇರೆ. ಅಂಗಡಿಯವರೋ ವಿಮಾ ಕಂಪನಿಯೋ ಕೊಟ್ಟದ್ದಾದರೆ ಅದು ಕೊಂಡವನ ಹೆಸರಿಗೂ ಮೊಬೈಲ್ ನಂಬರಿಗೂ ಅಂಟಿಕೊಂಡಿರುತ್ತದೆ. ಹೆಸರು ಬದಲಾಯಿಸಲು ಒಪ್ಪುತ್ತಾರೋ ಇಲ್ಲವೋ ಕೇಳಿ ತಿಳಿಯದೆ ಅದನ್ನು ಬೆಲೆಗೆ ಸೇರಿಸಬಾರದು. ಬ್ಯಾಟರಿಯನ್ನೂ ಮರೆಯಬಾರದು: ಮೂರು ವರ್ಷದ ವಾರಂಟಿ ಇರುವ ಲ್ಯಾಪ್‌ಟಾಪಿನಲ್ಲೂ ಬ್ಯಾಟರಿಗೆ ಒಂದೇ ವರ್ಷ ಇರುವುದು ಹೆಚ್ಚು.

ನಾವು ಅವತ್ತು ದುಡ್ಡು ಕೊಡಲಿಲ್ಲ. ಹುಡುಗ ಬಿಲ್ ಕಳಿಸಿ ತಾರೀಖು ತಿದ್ದಿಸಿದ, ಜಾಹೀರಾತನ್ನೂ ತಿದ್ದಿದ: 'ಬಿಲ್ 14–3–2025, ಸೀರಿಯಲ್ ನಂಬರ್ ಬಿಲ್ಲಿನಲ್ಲಿದೆ. ಕಂಪನಿ ವಾರಂಟಿ 13–3–2026ರವರೆಗೆ, ವೆಬ್‌ಸೈಟಿನಲ್ಲಿ ನೋಡಬಹುದು. ಎಕ್ಸ್‌ಟೆಂಡೆಡ್ ವಾರಂಟಿ ಇಲ್ಲ. ಎಲ್ಲೂ ಬಿಚ್ಚಿಸಿಲ್ಲ.' ಮುಂದಿನ ವಾರ ಹೋಗಿ ತಂದೆವು. ಮೂಲ ಬಿಲ್ಲಿನ ಜೊತೆ ಒಂದು ಬಿಳಿ ಹಾಳೆಯಲ್ಲಿ ಸೀರಿಯಲ್ ನಂಬರ್, ಮೊತ್ತ, ತಾರೀಖು ಬರೆದು ಇಬ್ಬರೂ ಸಹಿ ಹಾಕಿದೆವು. ಅದರ ನಕಲು ಅವನ ಬಳಿಯೂ ಇದೆ.