ಸಂಬಳವಿಲ್ಲದ ರಜೆಯ ಅರ್ಜಿಯಲ್ಲಿ ಏನಿರಬೇಕು

ಖಾಸಗಿ ಕಂಪನಿಯಲ್ಲಿ ಸಂಬಳವಿಲ್ಲದ ರಜೆ, ಅಂದರೆ ಎಲ್ಲರೂ ಎಲ್‌ಒಪಿ ಎಂದು ಕರೆಯುವ ರಜೆ, ಸಾಮಾನ್ಯವಾಗಿ ಹಕ್ಕಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 20 ದಿನದ ಕೆಲಸಕ್ಕೆ ಒಂದರಂತೆ ಗಳಿಕೆ ರಜೆ ಕೊಡಿಸುತ್ತದೆ. ಅದು ಮುಗಿದ ಮೇಲೆ ಸಿಗುವುದು ಕಂಪನಿ ಮನಸ್ಸು ಮಾಡಿದರೆ ಮಾತ್ರ. ಮನೆಯ ಕಷ್ಟವನ್ನು ಒಂದು ಪುಟ ಬರೆದು ಕೆಲಸದ ಬಗ್ಗೆ ಒಂದು ಸಾಲೂ ಬರೆಯದ ಅರ್ಜಿಗಳು ಮೇಜಿನ ಮೇಲೇ ಕೂರುವುದು ಇದಕ್ಕೇ. ಮ್ಯಾನೇಜರಿಗೆ ಕನಿಕರ ಇಲ್ಲವೆಂದಲ್ಲ. ನೀವಿಲ್ಲದಾಗ ಕೆಲಸ ಯಾರು ಮಾಡುತ್ತಾರೆ ಎಂಬುದು ಅವರಿಗೆ ಗೊತ್ತಾಗಿಲ್ಲ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಪಾಲುದಾರಿಕೆಯ ಒಂದು ಸಂಸ್ಥೆ, ಅಲ್ಲಿ ಲೆಕ್ಕ ನೋಡಿಕೊಳ್ಳುವ ಉದ್ಯೋಗಿ. ತಿಂಗಳಿಗೆ 36,000 ಸಂಬಳ. ಶಿವಮೊಗ್ಗದಲ್ಲಿರುವ ತಾಯಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಗಿ ವಾಕರ್ ಹಿಡಿದು ಓಡಾಡುವವರೆಗೆ ಜೊತೆಗೊಬ್ಬರು ಬೇಕು. ಕಾರಣಕ್ಕೆ ಅರ್ಜಿಯಲ್ಲಿ ಇಷ್ಟು ಸಾಕು, ಜೊತೆಗೆ ಆಸ್ಪತ್ರೆಯ ಚೀಟಿಯ ಪ್ರತಿ. ಮನೆಯಲ್ಲಿ ಬೇರೆ ಯಾರೂ ಇಲ್ಲವೇಕೆ, ಅಣ್ಣ ಏಕೆ ಬರಲಿಲ್ಲ ಎಂಬುದೆಲ್ಲ ಕಚೇರಿಗೆ ಬೇಕಿಲ್ಲ.

ಜಾಣತನ ಬೇಕಾಗುವುದು ದಿನಾಂಕ ಆರಿಸುವಾಗ. ಲೆಕ್ಕದ ವಿಭಾಗಕ್ಕೆ ತನ್ನದೇ ಪಂಚಾಂಗವಿದೆ: 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಆದ್ದರಿಂದ ಆಗಸ್ಟ್ 20ರ ರಿಟರ್ನ್ ಮುಗಿಸಿ 21ರಂದು ಹೊರಡುವುದು ಸರಿ. ಹಾಗೆ ಮಾಡಿದರೆ ಬೇರೆಯವರ ತಲೆಗೆ ಬೀಳುವುದು ಸೆಪ್ಟೆಂಬರಿನ ಒಂದು ಸುತ್ತು ಮಾತ್ರ. ಅರ್ಜಿಯ ಮುಖ್ಯ ಭಾಗ ಹೀಗಿರಬಹುದು:

“ಮಾನ್ಯರೇ, ಆಗಸ್ಟ್ 21ರಿಂದ 31ರವರೆಗೆ ನನ್ನ ಖಾತೆಯಲ್ಲಿರುವ ಗಳಿಕೆ ರಜೆಯನ್ನೂ, ಸೆಪ್ಟೆಂಬರ್ 1ರ ಸೋಮವಾರದಿಂದ 21ರ ಭಾನುವಾರದವರೆಗೆ ಸಂಬಳರಹಿತ ರಜೆಯನ್ನೂ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಸೆಪ್ಟೆಂಬರ್ 22ರ ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ. ರಜೆ ಮುಂದುವರಿಸಬೇಕಾದ ಸಂದರ್ಭ ಬಂದರೆ ಸೆಪ್ಟೆಂಬರ್ 12ರೊಳಗೆ ತಿಳಿಸುತ್ತೇನೆ.”

ಮರಳಿ ಹಾಜರಾಗುವ ದಿನವನ್ನು ಬೇರೆಯಾಗಿ ಬರೆಯದಿದ್ದರೆ ಕೊನೆಯ ಭಾನುವಾರದ ಸಂಬಳಕ್ಕೆ ಚರ್ಚೆ ಶುರುವಾಗುತ್ತದೆ. ಕಡಿತದ ಲೆಕ್ಕವನ್ನೂ ಮೊದಲೇ ಕೇಳಿಕೊಳ್ಳಬೇಕು. 30ರಿಂದ ಭಾಗಿಸಿದರೆ ದಿನಕ್ಕೆ 1,200. ಭಾನುವಾರವೂ ಸೇರಿ 21 ದಿನಕ್ಕೆ 25,200. 26ರಿಂದ ಭಾಗಿಸಿ, ಮೂರು ಭಾನುವಾರ ಬಿಟ್ಟು 18 ದಿನಕ್ಕೆ ಹಿಡಿದರೆ ಸುಮಾರು 24,900. ಎರಡೂ ಒಪ್ಪುವಂಥದ್ದೇ. ಆದರೆ 26ರಿಂದ ಭಾಗಿಸಿ 21 ದಿನವನ್ನೂ ಕಳೆದರೆ ಸುಮಾರು 29,000 ಹೋಗುತ್ತದೆ. ಪೇ ಸ್ಲಿಪ್ ಬಂದ ಮೇಲೆ ಕಣ್ಣಿಗೆ ಬೀಳುವ ತಪ್ಪಿದು, ಆ ಹೊತ್ತಿಗೆ ಮನೆ ಸಾಲದ ಇಎಂಐ ಬೌನ್ಸ್ ಆಗಿರುತ್ತದೆ.

ಕೆಲಸ ಹಂಚುವ ಯೋಜನೆ ನಾಲ್ಕೈದು ಸಾಲಿರಲಿ, ಆದರೆ ಪ್ರತಿ ಸಾಲಿನಲ್ಲಿ ಒಂದು ಕೆಲಸ, ಒಂದು ತಾರೀಕು, ಒಬ್ಬರ ಹೆಸರು ಇರಲಿ. ಆ ಹೆಸರಿನವರನ್ನು ಮೊದಲು ಕೇಳಿ ಒಪ್ಪಿಸಿರಬೇಕು. ತನ್ನ ಹೆಸರನ್ನು ಅರ್ಜಿಯಲ್ಲಿ ನೋಡಿ ಬೆಚ್ಚಿಬಿದ್ದ ಸಹೋದ್ಯೋಗಿ ಇದ್ದರೆ ಯೋಜನೆ ಅಲ್ಲಿಗೇ ಮುಗಿಯಿತು. ಜಿಎಸ್‌ಟಿಆರ್-1ರ ಇನ್‌ವಾಯ್ಸ್‌ಗಳನ್ನು ಆಗಸ್ಟ್ 20ರವರೆಗೆ ತಾನೇ ಟ್ಯಾಲಿಗೆ ಏರಿಸಿ ಹೋಗುವುದು, ಉಳಿದದ್ದನ್ನು ಸಹೋದ್ಯೋಗಿ ಸೇರಿಸುವುದು, 3ಬಿ ಸಲ್ಲಿಸುವ ಮೊದಲು ಹೊರಗಿನ ಆಡಿಟರ್ ಒಮ್ಮೆ ನೋಡುವುದು, ಹೀಗೆ.

ಎಲ್ಲರೂ ಮರೆಯುವ ಸಣ್ಣ ವಿಷಯವೊಂದಿದೆ. ಪಾಲುದಾರಿಕೆ ಸಂಸ್ಥೆಗಳು ರಿಟರ್ನನ್ನು ಒಟಿಪಿ ಮೂಲಕ ದೃಢೀಕರಿಸಬಹುದು, ಆ ಒಟಿಪಿ ಪೋರ್ಟಲ್‌ನಲ್ಲಿ ನೋಂದಾಯಿಸಿದ ಮೊಬೈಲಿಗೆ ಹೋಗುತ್ತದೆ. ಮಾಲೀಕರ ನಂಬರ್ ಬದಲು ಲೆಕ್ಕದವರ ನಂಬರ್ ಕೊಟ್ಟಿದ್ದರೆ, 20ರ ಸಂಜೆ ಸಂದೇಶ ಬರುವುದು ಶಿವಮೊಗ್ಗದ ಆಸ್ಪತ್ರೆಯ ವಾರ್ಡಿಗೆ. ರಜೆಗೆ ಮುಂಚೆಯೇ ನಂಬರ್ ಬದಲಿಸಿ, ಬದಲಿಸಿದ್ದೇನೆಂದು ಅರ್ಜಿಯಲ್ಲಿ ಬರೆಯಬೇಕು. ಪಾಸ್‌ವರ್ಡ್ ಮಾತ್ರ ಬರೆಯಬಾರದು. “ಯಾವಾಗ ಬೇಕಾದರೂ ಫೋನ್ ಮಾಡಿ” ಎಂಬ ಉದಾರತೆಯೂ ಬೇಡ. ಸಂಜೆ 5ರಿಂದ 6 ಎಂದು ಬರೆದರೆ ಇಬ್ಬರಿಗೂ ನೆಮ್ಮದಿ.

ಸಂಬಳವಿಲ್ಲದ ದಿನಗಳಿಗೆ ಪಿಎಫ್ ವಂತಿಗೆಯೂ ಇಲ್ಲ. ಪಿಎಫ್ ಲೆಕ್ಕದಲ್ಲಿ ಅವು ವಂತಿಗೆರಹಿತ ದಿನಗಳೆಂದು ದಾಖಲಾಗುತ್ತವೆ. ಗ್ರಾಚ್ಯುಟಿಗೆ ಬೇಕಾದ ನಿರಂತರ ಸೇವೆ ಮಂಜೂರಾದ ರಜೆಯಿಂದ ಮುರಿಯುವುದಿಲ್ಲ. ಹೇಳದೆ ಗೈರಾದರೆ ಸೇವೆಗೆ ತಡೆ ಎಂದು ಕಂಪನಿ ಆದೇಶ ಹೊರಡಿಸಬಹುದು. “ಹೋಗಿ ಬನ್ನಿ, ನೋಡೋಣ” ಎಂಬ ಬಾಯಿಮಾತು ನಂಬಿ ಬಸ್ ಹತ್ತಬಾರದು. ಮಂಜೂರಾತಿ ಇಮೇಲ್‌ನಲ್ಲಿ ಬರಬೇಕು, ಅದರಲ್ಲಿ ದಿನಾಂಕಗಳಿರಬೇಕು, ಎಚ್‌ಆರ್‌ಗೂ ಪ್ರತಿ ಹೋಗಿರಬೇಕು. ಹಲವು ಕಡೆ ತಿಂಗಳ 20–25ರ ನಡುವೆ ಹಾಜರಿ ಲೆಕ್ಕ ಮುಚ್ಚುತ್ತಾರೆ. ಆ ಹೊತ್ತಿಗೆ ಎಚ್‌ಆರ್ ಕೈಗೆ ಪತ್ರ ತಲುಪದಿದ್ದರೆ ಸೆಪ್ಟೆಂಬರಿನ ಕಡಿತ ಅಕ್ಟೋಬರಿನ ಸಂಬಳಕ್ಕೆ ಬೀಳುತ್ತದೆ.