ಎರಡು ದಿನ ಬರುವ ಏಕಾದಶಿ

ಕ್ಯಾಲೆಂಡರಿನಲ್ಲಿ ಕೆಲವು ತಿಂಗಳು ಮೊದಲ ದಿನ ‘ಸ್ಮಾರ್ತ ಏಕಾದಶಿ’, ಮರುದಿನ ‘ವೈಷ್ಣವ ಏಕಾದಶಿ’ ಎಂದು ಅಚ್ಚಾಗಿರುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ತಿಥಿಯ ಲೆಕ್ಕ. ತಿಥಿ ಚಂದ್ರನ ಗತಿಯನ್ನು ಅನುಸರಿಸುವುದರಿಂದ ಹಗಲಲ್ಲೋ ಇರುಳಲ್ಲೋ ಯಾವ ಗಳಿಗೆಗಾದರೂ ಮುಗಿಯಬಹುದು. ಉಪವಾಸದ ದಿನ ದಶಮಿಯ ಸೋಂಕಿರಬಾರದು ಎನ್ನುವುದು ನಿಯಮ. ಅದನ್ನು ಸ್ಮಾರ್ತರು ಸೂರ್ಯೋದಯಕ್ಕೆ ನೋಡುತ್ತಾರೆ, ವೈಷ್ಣವರು ಅದಕ್ಕೂ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮೊದಲಿನ ಅರುಣೋದಯಕ್ಕೆ ನೋಡುತ್ತಾರೆ. ಸೂರ್ಯೋದಯ 6.10ಕ್ಕೆ ಎಂದುಕೊಳ್ಳಿ, ಅರುಣೋದಯ 4.34ಕ್ಕೆ ಆಗುತ್ತದೆ. ದಶಮಿ 4.50ರವರೆಗೆ ಇದ್ದರೆ ಸ್ಮಾರ್ತರಿಗೆ ಅಂದೇ ಉಪವಾಸ. ವೈಷ್ಣವರಿಗೆ ಅದು ವಿದ್ಧ ಏಕಾದಶಿ, ಆದ್ದರಿಂದ ಉಪವಾಸ ಮರುದಿನ.

ಆಚರಣೆಯ ಹಿನ್ನೆಲೆಗೆ ಪದ್ಮಪುರಾಣದ ಕಥೆಯೊಂದಿದೆ. ಮುರಾಸುರನೊಡನೆ ಹೋರಾಡಿದ ವಿಷ್ಣು ಬದರಿಯ ಗುಹೆಯಲ್ಲಿ ಮಲಗಿದ್ದಾಗ ಅವನ ಮೈಯಿಂದ ಕನ್ಯೆಯೊಬ್ಬಳು ಹೊಮ್ಮಿ ಅಸುರನನ್ನು ಕೊಂದಳು. ಪಕ್ಷದ ಹನ್ನೊಂದನೆಯ ದಿನ ಹುಟ್ಟಿದ ಆಕೆಗೆ ಏಕಾದಶಿ ಎಂದೇ ಹೆಸರಾಯಿತು. ಅಂದು ಪಾಪವೆಲ್ಲ ಅನ್ನವನ್ನು ಆಶ್ರಯಿಸಿರುತ್ತದೆ ಎಂಬ ನಂಬಿಕೆಯೂ ಇದೆ. ಅಕ್ಕಿ, ಗೋಧಿ, ಬೇಳೆ ಮುಟ್ಟದಿರುವುದು ಅದಕ್ಕೇ. ಮಧ್ವಾಚಾರ್ಯರು ‘ಕೃಷ್ಣಾಮೃತ ಮಹಾರ್ಣವ’ದಲ್ಲಿ ಈ ವ್ರತವನ್ನು ಒತ್ತಿ ಹೇಳಿದ್ದರಿಂದ ಮಾಧ್ವರ ಮನೆಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು.

ಉಪವಾಸ ಒಂದು ದಿನದ್ದಾದರೂ ನಿಯಮ ಮೂರು ದಿನದ್ದು. ದಶಮಿಯಂದು ಒಂದೇ ಹೊತ್ತು ಊಟ. ಏಕಾದಶಿಗೆ ಎರಡೂ ಹೊತ್ತು ಇಲ್ಲ. ಹಗಲು ನಿದ್ದೆ, ತಾಂಬೂಲವೂ ಸಲ್ಲದು. ದ್ವಾದಶಿಯ ಬೆಳಿಗ್ಗೆ ಪಾರಣೆ, ರಾತ್ರಿ ಮತ್ತೆ ಊಟವಿಲ್ಲ. ಹೀಗೆ ಒಟ್ಟು ನಾಲ್ಕು ಹೊತ್ತಿನ ಊಟ ಬಿಟ್ಟಂತಾಯಿತು. ನಿಷ್ಠರು ನೀರನ್ನೂ ಮುಟ್ಟುವುದಿಲ್ಲ; ಆಗದವರು ಹಾಲು ಹಣ್ಣಿನಲ್ಲಿ ಕಳೆಯುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳಿಗೂ ಎಂಬತ್ತು ದಾಟಿದವರಿಗೂ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಔಷಧಿಯಿಂದ ವ್ರತ ಕೆಡದು ಎಂದೂ ಹೇಳಿದೆ. ಆದ್ದರಿಂದ ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಉಪವಾಸ ಮಾಡಬೇಕಿಲ್ಲ.

ಜನ ತಪ್ಪುವುದು ಹೆಚ್ಚಾಗಿ ಪಾರಣೆಯಲ್ಲೇ. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ, ಅದು ಕಳೆಯುವವರೆಗೆ ಉಣ್ಣುವಂತಿಲ್ಲ. ದ್ವಾದಶಿ ಮುಗಿಯುವುದರೊಳಗೆ ಉಣ್ಣದಿದ್ದರೂ ವ್ರತ ಪೂರ್ತಿಯಾಗದು. ಸೂರ್ಯೋದಯವಾದ ಸ್ವಲ್ಪ ಹೊತ್ತಿಗೇ ದ್ವಾದಶಿ ಕಳೆದುಹೋಗುವ ದಿನಕ್ಕೆ ಪಂಚಾಂಗದಲ್ಲಿ ‘ಸಾಧನಿ ದ್ವಾದಶಿ’ ಎಂದಿರುತ್ತದೆ. ಅಂದು ನಸುಕಿನಲ್ಲೇ ಅಡುಗೆಗೆ ಒಲೆ ಹಚ್ಚಬೇಕು. ಭಾಗವತದ ಅಂಬರೀಷ ಸಿಕ್ಕಿಬಿದ್ದದ್ದೂ ಇದೇ ಇಕ್ಕಟ್ಟಿನಲ್ಲಿ. ಅತಿಥಿಯಾಗಿ ಬಂದ ದುರ್ವಾಸರು ಸ್ನಾನಕ್ಕೆ ಹೋದವರು ಹಿಂತಿರುಗಲಿಲ್ಲ, ದ್ವಾದಶಿ ಮುಗಿಯುತ್ತಿತ್ತು. ಅತಿಥಿಗಿಂತ ಮೊದಲು ಉಣ್ಣುವಂತಿಲ್ಲ, ಉಣ್ಣದೆಯೂ ಇರುವಂತಿಲ್ಲ. ಆಗ ವಿದ್ವಾಂಸರನ್ನು ಕೇಳಿ ಅವನು ಬರೀ ನೀರು ಕುಡಿದ. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು. ಬೆಳಿಗ್ಗೆ ಬೇಗ ಹೊರಡಬೇಕಾದವರು ತೀರ್ಥ ತೆಗೆದುಕೊಂಡು ಪಾರಣೆ ಮುಗಿಸುವುದಕ್ಕೆ ಇಂದಿಗೂ ಇದೇ ಆಧಾರ.