ಅಜ್ಜ ಜಾರಿ ಬಿದ್ದದ್ದಲ್ಲ

ಕಳೆದ ಜುಲೈಯಲ್ಲಿ ಒಂದು ಬೆಳಗಿನ ಜಾವ ನಮ್ಮ ಬಿಜೈ ಮನೆಯಲ್ಲಿ ಅಜ್ಜ ಬಿದ್ದರು. ಬಚ್ಚಲಿನ ಬಾಗಿಲ ಎದುರು, ಗೋಡೆ ಬದಿಗೆ ಬಿದ್ದಿದ್ದರು. ಎಬ್ಬಿಸಿ ಕೂರಿಸಿದೆವು, ಹಣೆಗೆ ಐಸ್ ಇಟ್ಟೆವು, ಕಾಫಿ ಕೊಟ್ಟೆವು. "ಎಂತ ಆಗ್ಲಿಲ್ಲ, ಸುಮ್ಮನೆ ಗಲಾಟೆ ಮಾಡ್ಬೇಡಿ" ಎಂದರು ಅಜ್ಜ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಈ ಊರಿನ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ, ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಹಾಗಾಗಿ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಜಾರಿ ಬಿದ್ದರು.

ಒಂಬತ್ತೂವರೆಗೆ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನಾನೂ ಅದನ್ನೇ ಹೇಳಿದೆ. ಡಾಕ್ಟ್ರು ಹಣೆಯ ಬಾವು ನೋಡಿದವರೇ ಕೇಳಿದ್ದು, "ರಕ್ತ ತೆಳು ಮಾಡುವ ಮಾತ್ರೆ ಉಂಟಲ್ವಾ ಇವರಿಗೆ? ನಾಲ್ಕೂವರೆ ಗಂಟೆ ಎಂತ ಮಾಡ್ತಾ ಇದ್ರಿ?" ಉತ್ತರ ಇರಲಿಲ್ಲ. ಹೃದಯಕ್ಕೆಂದು ದಿನಾ ಮಾತ್ರೆ ನುಂಗುವವರ ತಲೆಗೆ ಪೆಟ್ಟಾದರೆ, ನೋಡಲಿಕ್ಕೆ ಸರಿ ಇದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಿತ್ತು. ಅದು ನಮಗೆ ಹೊಳೆಯಲೇ ಇಲ್ಲ.

ತಲೆಯ ಸ್ಕ್ಯಾನ್‌ಗೆ ಚೀಟಿ ಬರೆಯುತ್ತಾ ಅವರು ಕೇಳುತ್ತಲೇ ಹೋದರು. ಎಷ್ಟು ಗಂಟೆಗೆ ಬಿದ್ದದ್ದು? ಬಚ್ಚಲಿಗೆ ಹೋಗುವಾಗಲೋ, ಬರುವಾಗಲೋ? ನೆಲ ಒದ್ದೆ ಇತ್ತಾ? ಬಿದ್ದದ್ದು ಅವರಿಗೆ ನೆನಪುಂಟಾ? ಎಷ್ಟು ಹೊತ್ತು ನೆಲದಲ್ಲಿದ್ದರು? ನಾನೊಂದು ಹೇಳಿದರೆ ಅಮ್ಮ ಇನ್ನೊಂದು ಹೇಳಿದರು, ಅಜ್ಜ ಎರಡಕ್ಕೂ ಅಲ್ಲ ಎಂದರು. "ಸ್ಕ್ಯಾನ್ ಆದ ಮೇಲೆ ಕೂತು ಬರೆದು ತನ್ನಿ. ನೋಡಿದ್ದು ಬೇರೆ, ಅವರು ಹೇಳಿದ್ದು ಬೇರೆ, ನಿಮ್ಮ ಊಹೆ ಬೇರೆ" ಎಂದು ಕಳಿಸಿದರು.

ಸ್ಕ್ಯಾನ್ ನಾರ್ಮಲ್ ಬಂತು. ಮಧ್ಯಾಹ್ನ ಕೂತು ಬರೆದೆ. ಆಫೀಸಿನಲ್ಲಿ ಸರ್ವರ್ ಬಿದ್ದರೆ ನಿಮಿಷ ನಿಮಿಷದ ವರದಿ ಬರೆಯುವವನು ನಾನು. ಮನೆಯ ಅಜ್ಜ ಬಿದ್ದದ್ದನ್ನು ಬರೆಯಲು ಕೂತಾಗ ಮೊದಲ ಸಾಲೇ ಸಿಕ್ಕಿಬಿತ್ತು. ಅಮ್ಮನ ಲೆಕ್ಕದಲ್ಲಿ ಐದು ಗಂಟೆ, ಅಜ್ಜನ ಲೆಕ್ಕದಲ್ಲಿ ನಾಲ್ಕು. ಕೊನೆಗೆ ಫೋನ್ ತೆಗೆದು ನೋಡಿದೆ. ಮಹಡಿಯಲ್ಲಿ ಮಲಗಿದ್ದ ನನಗೆ ಅಮ್ಮ ಕಾಲ್ ಮಾಡಿದ್ದು 4.52ಕ್ಕೆ. ಅದಕ್ಕೆ ಮೊದಲು ಅವರೊಬ್ಬರೇ ಎತ್ತಲು ನೋಡಿದ್ದು ನಾಲ್ಕೈದು ನಿಮಿಷ. ನೆಲದಲ್ಲಿ ಅರ್ಧ ಗಂಟೆ ಬಿದ್ದಿದ್ದೆ ಎಂಬುದು ಅಜ್ಜನ ಹಟ, ಆದರೆ ಅಮ್ಮ ಶಬ್ದ ಕೇಳಿದ ಕೂಡಲೇ ಓಡಿದ್ದರು. ಈ ಲೆಕ್ಕ ಸಣ್ಣದಲ್ಲ. ಗಂಟೆಗಟ್ಟಲೆ ನೆಲದಲ್ಲೇ ಬಿದ್ದಿದ್ದರೆ ಒತ್ತಿ ಹೋದ ಸ್ನಾಯು ಹಾಳಾಗಿ, ಅದರ ವಿಷ ಕಿಡ್ನಿಗೆ ತೊಂದರೆ ಕೊಡಬಹುದು, ರಕ್ತಪರೀಕ್ಷೆ ಬೇಕಾಗುತ್ತದೆ. ಬಿದ್ದ ಶಬ್ದ ಯಾರೂ ಕೇಳದಿದ್ದರೆ ಕೊನೆಗೆ ಸರಿಯಾಗಿದ್ದದ್ದನ್ನು ನೋಡಿದ ಸಮಯ, ಬಿದ್ದದ್ದು ಕಂಡ ಸಮಯ, ಎರಡನ್ನೂ ಬರೆಯಬೇಕು ಎಂದು ಡಾಕ್ಟ್ರು ಆಮೇಲೆ ಹೇಳಿದರು.

ಎರಡನೆಯದು ನೆಲ. "ಒದ್ದೆ ನೆಲ" ಎಂದು ಬರೆದವನು ಅಲ್ಲಿಗೇ ನಿಲ್ಲಿಸಿ ಅಮ್ಮನನ್ನು ಕೇಳಿದೆ: ಅಜ್ಜನ ಪಂಚೆ ಬದಲಿಸಿದ್ದು ಯಾರು? ಯಾರೂ ಬದಲಿಸಿರಲಿಲ್ಲ! ಅದೇ ಪಂಚೆಯಲ್ಲಿ ಕಾಫಿ ಕುಡಿದಿದ್ದರು, ಅದು ಒಣಗಿಯೇ ಇತ್ತು. ಅಮ್ಮ ಮೊಣಕಾಲೂರಿ ಕೂತಿದ್ದರು, ಅವರ ನೈಟಿಯೂ ಒದ್ದೆ ಆಗಿರಲಿಲ್ಲ. ಅಂದರೆ ಬೆಳಿಗ್ಗೆಯಿಂದ ಹತ್ತು ಜನರ ಹತ್ತಿರ ನಾವು ಹೇಳಿದ ಕಥೆಗೆ ಆಧಾರವೇ ಇರಲಿಲ್ಲ.

ಕೊನೆಗೆ ಚೀಟಿ ಹೀಗಾಯಿತು:

*ವಯಸ್ಸು 79. ಸಮಯ: ಬೆಳಗಿನ ಜಾವ 4.45ರಿಂದ 4.50ರ ಒಳಗೆ (ಫೋನ್ ನೋಡಿ ಲೆಕ್ಕ ಹಾಕಿದ್ದು). ನೆಲದಲ್ಲಿದ್ದದ್ದು: ಸುಮಾರು 10 ನಿಮಿಷ.*

*ಜಾಗ: ಬಚ್ಚಲಿನ ಹೊರಗೆ, ಕೆಂಪು ಸಿಮೆಂಟಿನ ನೆಲ, ಒಣಗಿತ್ತು. ಬರಿಗಾಲು. ಲೈಟ್ ಹಾಕಿರಲಿಲ್ಲ. ಕಾಲಿಗೆ ತಾಗುವಂಥದ್ದು ಏನೂ ಇರಲಿಲ್ಲ.*

*ಬೀಳುವ ಮೊದಲು: ಹಾಸಿಗೆಯಿಂದ ಎದ್ದು ಸೀದಾ ನಡೆದರು, ಸುಮಾರು 10 ಹೆಜ್ಜೆ. ಹೋಗುವಾಗ ಬಿದ್ದದ್ದು.*

*ಅಜ್ಜ ಹೇಳಿದ್ದು: "ಕಣ್ಣು ಕತ್ತಲೆ ಬಂತು, ಗೋಡೆ ಹಿಡಿಯಲಿಕ್ಕೆ ನೋಡಿದೆ." ನೆಲಕ್ಕೆ ತಾಗಿದ್ದು ನೆನಪಿಲ್ಲ.*

*ನಾವು ನೋಡಿದ್ದು: ಮುಖ ಬಿಳುಚಿತ್ತು, ಬೆವರಿತ್ತು. ಕರೆದಾಗ ಸರಿಯಾಗಿ ಮಾತಾಡಿದರು. ಕೈಕಾಲು ನಡುಗಿಲ್ಲ, ನಾಲಿಗೆ ಕಚ್ಚಿಲ್ಲ, ಬಾಯಿ ಸೊಟ್ಟಗಾಗಿಲ್ಲ. ಬಲ ಹಣೆಯಲ್ಲಿ ಬಾವು. ವಾಂತಿ ಇಲ್ಲ. ಹಿಡಿದುಕೊಂಡು ನಡೆದರು.*

*ಮಾತ್ರೆ: ಹಳೆಯ ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ. 12 ದಿನದಿಂದ ರಾತ್ರಿ ಹೊಸದೊಂದು, ಟ್ಯಾಮ್ಸುಲೋಸಿನ್, ಮೂತ್ರದ ತೊಂದರೆಗೆ.*

*ಊಹೆ: ಜಾರಿದ್ದಲ್ಲ ಅನಿಸುತ್ತದೆ.*

ಸಂಜೆ ಡಾಕ್ಟ್ರು ಇದನ್ನು ಓದಿ "ಕಣ್ಣು ಕತ್ತಲೆ" ಮತ್ತು "12 ದಿನ" ಎರಡಕ್ಕೂ ಗೆರೆ ಎಳೆದರು. ಅಜ್ಜನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದರು: 142/84. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರೆ 114/70. ಮೂರು ನಿಮಿಷಕ್ಕೆ 118/72. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಕಡೆಗಣಿಸುವ ಹಾಗಿಲ್ಲ. ಕುರ್ಚಿಯಲ್ಲಿ ಕೂರಿಸಿ ಒಮ್ಮೆ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮನೆಯ ಬಿಪಿ ಮಷಿನ್‌ನಲ್ಲಿ ನಾವು ದಿನಾ ಮಾಡುತ್ತಿದ್ದದ್ದು ಅದನ್ನೇ.

ಆದದ್ದು ಇಷ್ಟು. ಎದ್ದು ನಿಂತ ಕೂಡಲೇ ರಕ್ತ ಕಾಲಿನ ಕಡೆ ಇಳಿಯುತ್ತದೆ. ನಮ್ಮ ಪ್ರಾಯದಲ್ಲಿ ರಕ್ತನಾಳಗಳು ತಕ್ಷಣ ಬಿಗಿದು ಅದನ್ನು ಮೇಲಕ್ಕೆ ತಳ್ಳುತ್ತವೆ. ವಯಸ್ಸಾದವರಲ್ಲಿ ಆ ಬಿಗಿತ ತಡವಾಗುತ್ತದೆ. ಹೊಸ ಮಾತ್ರೆ ಪ್ರಾಸ್ಟೇಟ್ ಸುತ್ತಲಿನ ಸ್ನಾಯು ಸಡಿಲಿಸುವಾಗ ಕೆಲವರಲ್ಲಿ ರಕ್ತನಾಳವನ್ನೂ ಸಡಿಲಿಸುತ್ತದೆ, ಜೊತೆಗೆ ಬಿಪಿ ಮಾತ್ರೆಯೂ ಇದ್ದರೆ ಎರಡೂ ಸೇರುತ್ತವೆ. ರಾತ್ರಿಯಿಡೀ ಮಲಗಿದವರು ಕತ್ತಲಲ್ಲಿ ದಡಕ್ಕನೆ ಎದ್ದರೆ ತಲೆಗೆ ಹೋಗುವ ರಕ್ತ ಕೆಲವು ಸೆಕೆಂಡು ಕಡಿಮೆ.

ನಾವು ಅದಾಗಲೇ ಬಚ್ಚಲಿಗೆ ಜಾರದ ಮ್ಯಾಟ್ ತಂದಿದ್ದೆವು. ಮ್ಯಾಟ್ ಹಾಕಿ ಸುಮ್ಮನಾಗಿದ್ದರೆ ಇನ್ನೊಂದು ರಾತ್ರಿ ಇದೇ ಆಗುತ್ತಿತ್ತು. ಡಾಕ್ಟ್ರು ಇಸಿಜಿ ಮಾಡಿಸಿದರು, ಯಾಕೆಂದರೆ ಹೃದಯದ ಬಡಿತ ತಪ್ಪಿದರೂ ಕಣ್ಣು ಕತ್ತಲೆ ಬರುತ್ತದೆ. ಅದು ಸರಿ ಇತ್ತು. ಮೂತ್ರದ ಡಾಕ್ಟರ ಹತ್ತಿರ ಫೋನಲ್ಲಿ ಮಾತಾಡಿ ಬಿಪಿ ಮಾತ್ರೆಯ ಪ್ರಮಾಣ ಇಳಿಸಿದರು. "ನೀವಾಗಿ ಯಾವುದನ್ನೂ ನಿಲ್ಲಿಸ್ಬೇಡಿ" ಎಂದು ನನ್ನ ಕಡೆ ನೋಡಿಯೇ ಹೇಳಿದರು. ಗೂಗಲ್ ಮಾಡುವ ಮುಖ ಕಂಡಿರಬೇಕು.

ಇನ್ನೊಂದು ಮಾತನ್ನೂ ಹೇಳಿದರು. ಬಿದ್ದವರು ನಿಲ್ಲಲಿಕ್ಕೆ ಆಗದೆ, ತೊಡೆಸಂದಿ ನೋವೆಂದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಅದು ಸೊಂಟದ ಬಳಿ ಎಲುಬು ಮುರಿದ ಲಕ್ಷಣ. ನಮ್ಮ ಹಾಗೆ ಎತ್ತಿ ಕೂರಿಸದೆ 108ಕ್ಕೆ ಫೋನ್ ಮಾಡಬೇಕು. ಬರೆಯುವುದೆಲ್ಲ ಆಮೇಲೆ.

ಸ್ಕ್ಯಾನ್ ಸರಿ ಬಂದರೂ ಚೀಟಿ ಮುಗಿಯಲಿಲ್ಲ. ತಲೆಯೊಳಗೆ ರಕ್ತ ನಿಧಾನಕ್ಕೆ ಸೇರಿ ವಾರಗಳ ಮೇಲೂ ಲಕ್ಷಣ ತೋರಿಸಬಹುದು. ಅದಕ್ಕೆ ತಲೆನೋವು, ಹೊಸದಾಗಿ ಮರೆವು, ಹಗಲು ಜಾಸ್ತಿ ನಿದ್ದೆ, ನಡೆಯುವಾಗ ಒಂದು ಬದಿಗೆ ವಾಲುವುದು, ಇವುಗಳಲ್ಲಿ ಯಾವುದು ಕಂಡರೂ ಬರೆದಿಟ್ಟು ಕೂಡಲೇ ಫೋನ್ ಮಾಡಲು ಹೇಳಿದ್ದರು. ಫ್ರಿಜ್ ಬಾಗಿಲಿಗೆ ಹಾಳೆ ಅಂಟಿಸಿದೆ. ಆರನೇ ದಿನ ಅಮ್ಮ "ಸಪ್ಪೆ ಇದ್ದಾರೆ" ಎಂದು ಬರೆದಿದ್ದರು. ಸಪ್ಪೆ ಅಂದರೆ ಎಂತ ಎಂದು ಕೇಳಿದಾಗ ಅದನ್ನು ಹೊಡೆದು "ಊಟ ಅರ್ಧ. ಮಧ್ಯಾಹ್ನ 3 ಗಂಟೆ ನಿದ್ದೆ, ಯಾವಾಗಲೂ 1" ಎಂದು ತಿದ್ದಿದರು. ಫೋನ್ ಮಾಡಿದೆವು, ಡಾಕ್ಟ್ರು ಮನೆಗೇ ಬಂದು ಪರೀಕ್ಷೆ ಮಾಡಿ ಹೋದರು. ಶೀತ ಜ್ವರ ಅಷ್ಟೆ.

ಒಂಬತ್ತನೇ ದಿನ ನಿಂತಾಗಿನ ಬಿಪಿ 132/78. ಹದಿನಾಲ್ಕನೇ ದಿನದ ಸಾಲಿನಲ್ಲಿ ಅಕ್ಷರ ಅಮ್ಮನದ್ದಲ್ಲ, ಅಜ್ಜನದ್ದು: "ರಾತ್ರಿ 3.20. ಲೈಟ್ ಹಾಕಿದೆ. ಮಂಚದ ಬದಿಯಲ್ಲಿ ಎರಡು ನಿಮಿಷ ಕೂತೆ. ಹೋಗಿ ಬಂದೆ. ಯಾರನ್ನೂ ಎಬ್ಬಿಸಿಲ್ಲ."